ಶನಿವಾರ ಮನೆಗೆ ಹೋಗಲೊಲ್ಲದ ಹುಡುಗಿ

ಸಮೂಹ ಸಂಪನ್ಮೂಲ ಕೇಂದ್ರದ ಕೊಠಡಿಯೊಂದರಲ್ಲಿ ಸುಮಾರು 30 ಮಂದಿ ಶಿಕ್ಷಕ ಶಿಕ್ಷಕಿಯರನ್ನು ಕೂಡಿಸಿಕೊಂಡು ಮಕ್ಕಳ ರಕ್ಷಣೆಯನ್ನು ಕುರಿತು ಮೂರು ಗಂಟೆಗಳ ಕಾಲ ಮಾತನಾಡಬೇಕಾಗಿ ಬಂದರೆ, ಆ ಮೂರು ಗಂಟೆಗಳನ್ನು ಹೇಗೆ ಹಂಚಿಕೊಳ್ಳಬೇಕೆಂಬುದೇ ಈ ಅಧ್ಯಾಯದ ವಿಷಯ. ಇಂಥ ಸಭೆಗಳಲ್ಲಿ ಕಾಯ್ದೆಯ ಕಲಮುಗಳನ್ನು ಒಂದರ ಹಿಂದೊಂದರಂತೆ ಓದಿ ಮುಗಿಸುವ ಪದ್ಧತಿಯುಂಟು. ಕೇಳಿದವರು ಅಂಜಿಕೆಯೊಂದನ್ನು ಹೊತ್ತು ಮನೆಗೆ ಮರಳುವರಲ್ಲದೆ, ಮಗುವೊಂದು ನಿಜವಾಗಿ ಎದುರಿಗೆ ಬಂದು ನಿಂತ ದಿನ ಬಾಯಿಯಿಂದ ಹೊರಡಬೇಕಾದ ಮೊದಲನೆಯ ಮಾತು ಯಾವುದೆಂಬುದನ್ನು ಅರಿಯದೆಯೇ ಉಳಿಯುವರು. ಆದುದರಿಂದ ಕಾಯ್ದೆಯಿಂದ ತೊಡಗದೆ, ತರಬೇತಿಗಾಗಿಯೇ ರಚಿಸಿದ ಒಂದು ಪ್ರಸಂಗದಿಂದ ತೊಡಗಿ, ಮೂರು ಗಂಟೆಗಳ ಕಾಲವೂ ಅದೊಂದನ್ನೇ ಹಿಡಿದು ನಡೆಯುವುದು ಮೇಲು.

ಪ್ರಸಂಗವಿದು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯ ಹುಡುಗಿ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿ ಸಂಜೆ ಮನೆಗೆ ಬರುವಾಕೆ, ತಂದೆಯಿಲ್ಲ. ಜೂನ್ ತಿಂಗಳಿನಲ್ಲಿ ಪದ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದ ಈ ಮಗು ದೀಪಾವಳಿಯ ತರುವಾಯ ಹಿಂದಿನ ಸಾಲಿಗೆ ಸರಿದಿದ್ದಾಳೆ. ಬರೆವಣಿಗೆ ಅಡ್ಡಾದಿಡ್ಡಿಯಾಗಿದೆ, ಹೊಟ್ಟೆನೋವೆಂದು ಆಗಾಗ ತಲೆಯನ್ನು ಮೇಜಿಗಾನಿಸುತ್ತಾಳೆ. ಶನಿವಾರದ ಬೆಳಗಿನ ಶಾಲೆ ಬಿಟ್ಟು ಉಳಿದ ಮಕ್ಕಳೆಲ್ಲ ಓಟಕಿತ್ತರೂ ಈಕೆ ಮಾತ್ರ ಕಸ ಗುಡಿಸುತ್ತೇನೆಂದೋ, ಪುಸ್ತಕ ಜೋಡಿಸುತ್ತೇನೆಂದೋ ಉಳಿದುಕೊಳ್ಳುತ್ತಾಳೆ.

ಮೊದಲನೆಯ ಗಂಟೆ: ಕಾಣುವುದು

ಈ ಪ್ರಸಂಗವನ್ನು ಓದಿ ಹೇಳಿ, ಇಲ್ಲಿ ಏನು ನಡೆದಿರಬಹುದೆಂದು ಸಭೆಯನ್ನು ಕೇಳಿದರೆ, ಸಭಿಕರಲ್ಲಿ ಅನೇಕರು ಅತ್ಯಂತ ಘೋರವಾದುದನ್ನೇ ಊಹಿಸುವರು. ಉಳಿದವರು, ಆ ವಯಸ್ಸಿನಲ್ಲಿ ಇದೆಲ್ಲ ಸಹಜವೆಂದು ತಳ್ಳಿಹಾಕುವರು. ಎರಡೂ ಅವಸರದ ತೀರ್ಮಾನಗಳೇ. ಹೊಟ್ಟೆನೋವು ಹಸಿವಿನಿಂದ ಬರಬಹುದು, ಋತುಸ್ರಾವದ ಆರಂಭದಿಂದ ಬರಬಹುದು, ಮನೆಯ ಜಗಳದಿಂದ ಬರಬಹುದು. ಬರೆವಣಿಗೆ ಕೆಡುವುದಕ್ಕೆ ದೃಷ್ಟಿದೋಷವೂ ಕಾರಣವಾದೀತು. ಶೋಷಣೆಗೆ ಮಾತ್ರವೇ ಸಲ್ಲುವಂಥ, ಬೇರಾವುದರಿಂದಲೂ ಹುಟ್ಟದಂಥ ವರ್ತನೆಯ ಲಕ್ಷಣ ಒಂದೂ ಇಲ್ಲವೆಂಬುದು ಈ ಶಾಸ್ತ್ರದ ಪ್ರಥಮ ಪಾಠ. ಇದರ ಮಗ್ಗುಲಿನ ಪಾಠವೂ ಅಷ್ಟೇ ಮುಖ್ಯವಾದುದು: ಶೋಷಣೆಗೊಳಗಾದ ಎಷ್ಟೋ ಮಕ್ಕಳು ಯಾವ ಲಕ್ಷಣವನ್ನೂ ತೋರದೆ ನಗುನಗುತ್ತಲೇ ಶಾಲೆಗೆ ಬರುವುದುಂಟು. ಲೈಂಗಿಕ ಶೋಷಣೆಗೆ ಒಳಗಾದ ಬಹುಪಾಲು ಮಕ್ಕಳ ದೇಹದಲ್ಲಿ ವೈದ್ಯರ ಪರೀಕ್ಷೆಗೂ ವಿಶೇಷವಾದುದೇನೂ ಕಾಣದು. ಆದಕಾರಣ ಗುರುತಿಲ್ಲವೆಂಬುದು ಏನೂ ನಡೆದಿಲ್ಲವೆಂಬುದಕ್ಕೆ ಆಧಾರವಾಗಲಾರದು.

ಹಾಗಾದರೆ ಶಿಕ್ಷಕನು ನೋಡಬೇಕಾದುದೇನನ್ನು? ಬಿಡಿ ಲಕ್ಷಣವನ್ನಲ್ಲ, ಬದಲಾವಣೆಯನ್ನು. ಬದಲಾವಣೆಯನ್ನಷ್ಟೇ ಅಲ್ಲ, ಅದರ ವಿನ್ಯಾಸವನ್ನು. ಈ ಮಗುವಿನ ಹೊಟ್ಟೆನೋವಿಗೆ ನೂರು ಅರ್ಥಗಳಿರಬಹುದು. ಆದರೆ ಬದಲಾವಣೆಗೆ ಒಂದು ಆರಂಭಕಾಲವಿದ್ದು, ಅದು ಶನಿವಾರದ ಮಧ್ಯಾಹ್ನವೆಂಬ ಒಂದು ಹೊತ್ತಿಗೂ ಮನೆಯೆಂಬ ಒಂದು ಸ್ಥಳಕ್ಕೂ ಅಂಟಿಕೊಂಡಿದೆಯೆಂದಾಗ ಆ ನೂರು ಅರ್ಥಗಳು ತಾವಾಗಿಯೇ ಕಡಮೆಯಾಗುತ್ತವೆ. ತಾಯಿ ಮನೆಯಲ್ಲಿಲ್ಲದ ಆ ಹೊತ್ತಿನಲ್ಲಿ ಮನೆಯಲ್ಲಿರುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಹಾಜರಿ ಪುಸ್ತಕದಂಥ ಸಾಮಾನ್ಯ ವಸ್ತುವನ್ನು ಈ ಕಣ್ಣಿನಿಂದ ನೋಡಿದರೆ ಅದು ತಿಂಗಳುಗಟ್ಟಲೆ ತಪ್ಪದೆ ನಡೆದುಬಂದ ಒಂದು ವೀಕ್ಷಣೆಯ ದಾಖಲೆಯೇ ಸರಿ. ದಿನವೂ ಐದಾರು ಗಂಟೆ ಮಗುವನ್ನು ಕಾಣುವ ಈ ಅನುಕೂಲ ವೈದ್ಯನಿಗೂ ಇಲ್ಲ, ಪೊಲೀಸರಿಗೂ ಇಲ್ಲ.

ದೇಹದ ಮೇಲಿನ ಪೆಟ್ಟುಗಳ ವಿಷಯದಲ್ಲಿ ಮಾತ್ರ ಶಾಸ್ತ್ರವು ಇನ್ನಷ್ಟು ಸ್ಪಷ್ಟವಾದ ಮಾತನ್ನು ಹೇಳಬಲ್ಲುದು. ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಆತನ ಸಂಗಡಿಗರು ಮನೆಯಲ್ಲಿ ಹೊಡೆತ ತಿಂದ ಶಿಶುಗಳನ್ನು ಕುರಿತು 1962ರಲ್ಲಿ ಪ್ರಕಟಿಸಿದ ಲೇಖನದ ತರುವಾಯ ವೈದ್ಯಲೋಕ ಈ ಗಾಯಗಳತ್ತ ಗಮನವಿಟ್ಟು ನೋಡತೊಡಗಿತು. ಓಡುವ, ಬೀಳುವ ಮಗುವಿಗೆ ಪೆಟ್ಟಾಗುವುದು ಮೂಳೆ ಚರ್ಮಕ್ಕೆ ಹತ್ತಿರವಾಗಿ ಮುಂದಕ್ಕೆ ಚಾಚಿರುವೆಡೆಗಳಲ್ಲಿ: ಮೊಣಕಾಲು, ಮೊಣಕಾಲಿನ ಕೆಳಗಿನ ಮುಂಭಾಗ, ಮೊಣಕೈ, ಹಣೆ. ಬಿದ್ದಾಗ ನೆಲಕ್ಕೆ ತಾಗದ ಮೃದುವಾದ ಭಾಗಗಳಲ್ಲಿ, ಎಂದರೆ ಕಿವಿ, ಕತ್ತು, ಕೆನ್ನೆ, ಬೆನ್ನು, ಹೊಟ್ಟೆ, ಪೃಷ್ಠ, ತೊಡೆಯ ಒಳಬದಿಗಳಲ್ಲಿ ಕಾಣುವ ಕಂದು, ಅಥವಾ ಬೆರಳಿನ, ಬೆಲ್ಟಿನ, ಮಡಿಸಿದ ವೈರಿನ ಆಕಾರವನ್ನೇ ಹೊತ್ತ ಬಾಸುಂಡೆ, ಬೀಡಿಯ ತುದಿಯಷ್ಟೇ ಅಗಲದ ದುಂಡನೆಯ ಸುಟ್ಟಗಾಯ, ಇವು ಕಳವಳಕ್ಕೆ ಕಾರಣವಾಗತಕ್ಕವು. ಗಾಯವೊಂದಿದ್ದು ಅದನ್ನು ಕುರಿತ ವಿವರಣೆ ಅದಕ್ಕೆ ಹೊಂದದಿದ್ದರೆ, ಅಥವಾ ವಿವರಣೆ ದಿನಕ್ಕೊಂದಾದರೆ, ಕಳವಳ ಇಮ್ಮಡಿಯಾಗಬೇಕು.

ಇಲ್ಲಿಯೂ ಒಂದು ಮಿತಿಯುಂಟು. ಚರ್ಮದ ಕೆಳಗೆ ಸೋರಿದ ರಕ್ತದ ಕೆಂಬಣ್ಣವು ಒಡೆದು ಹಸಿರಾಗಿ, ಹಳದಿಯಾಗಿ ಮಾಸುವುದು ನಿಜವಾದರೂ, ಆ ಬದಲಾವಣೆಯ ವೇಗವು ಮಗುವಿನಿಂದ ಮಗುವಿಗೆ, ಒಂದೇ ಮೈಯ ಒಂದೆಡೆಯಿಂದ ಇನ್ನೊಂದೆಡೆಗೆ ಬೇರೆಬೇರೆಯಾಗಿರುವುದರಿಂದ, ಬಣ್ಣವನ್ನು ನೋಡಿ ಪೆಟ್ಟು ಎಷ್ಟು ದಿನದ್ದೆಂದು ನಿರ್ಣಯಿಸುವುದು ನುರಿತ ವೈದ್ಯರಿಗೂ ಸಾಧ್ಯವಿಲ್ಲ. ಶಿಕ್ಷಕನು ಬರೆದಿಡಬೇಕಾದುದು ಸ್ಥಳ, ಆಕಾರ, ಅಂದಾಜು ಅಳತೆ, ಕಂಡ ದಿನ ಇಷ್ಟನ್ನೇ. ಬಟ್ಟೆ ಸರಿಸಿ ನೋಡುವುದಾಗಲಿ, ಮೊಬೈಲಿನಲ್ಲಿ ಚಿತ್ರ ತೆಗೆಯುವುದಾಗಲಿ ಆತನ ಕೆಲಸವಲ್ಲ.

ಎರಡನೆಯ ಗಂಟೆ: ಕೇಳುವುದು

ಈಗ ಪ್ರಸಂಗ ಮುಂದುವರಿಯಬೇಕು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ತರಗತಿಯ ಶಿಕ್ಷಕಿ ಹುಡುಗಿಯ ಬಳಿ ಕುಳಿತು, "ಈಚೆಗೆ ನೀನು ಸಪ್ಪಗಿರ್ತೀಯಲ್ಲ, ಹೇಗಿದ್ದೀಯ?" ಎನ್ನುತ್ತಾಳೆ. ಬಹಳ ಹೊತ್ತಿನ ಮೌನದ ಬಳಿಕ ಮಗು ಬಾಯಿಬಿಡುತ್ತದೆ.

"ಮಿಸ್, ನಾನು ಇಲ್ಲೇ ಇರ್ತೀನಿ. ಮನೇಲಿ ಮಾವ ಇರ್ತಾರೆ."

"ಸರಿ ಪುಟ್ಟಿ. ಅದೇನು ಅಂತ ಹೇಳು."

"ಬಾಗಿಲು ಹಾಕ್ಕೊಂಡು ಮುಟ್ಟಬಾರದ ಕಡೆ ಮುಟ್ತಾರೆ. ಅಮ್ಮಂಗೆ ಹೇಳಿದ್ರೆ ಮನೆಯಿಂದ ಓಡಿಸ್ತೀನಿ ಅಂತಾರೆ. ನೀವು ಯಾರ್ಗೂ ಹೇಳಲ್ಲ ಅಂತ ಆಣೆ ಮಾಡಿ ಮಿಸ್."

ಇಲ್ಲಿ ಓದುವುದನ್ನು ನಿಲ್ಲಿಸಿ, ನೀವಾಗಿದ್ದರೆ ಮುಂದೇನು ಹೇಳುತ್ತಿದ್ದಿರಿ ಎಂದು ಸಭೆಯನ್ನು ಕೇಳಬೇಕು. ಒಳ್ಳೆಯ ಮನಸ್ಸಿನವರ ಬಾಯಿಂದಲೇ ಹೊರಡುವ ಉತ್ತರಗಳು ಪ್ರಾಯಶಃ ಮೂರು. ಒಬ್ಬರು ಆಣೆ ಮಾಡುತ್ತಾರೆ. ಇನ್ನೊಬ್ಬರು, ಯಾವಾಗಿನಿಂದ, ಎಷ್ಟು ಸಲ, ಎಲ್ಲಿ ಮುಟ್ಟಿದ, ಹೀಗೆ ಮಾಡಿದನೆ, ಹಾಗೆ ಮಾಡಿದನೆ ಎಂದು ಪ್ರಶ್ನೆಗಳ ಮಳೆಗರೆಯುತ್ತಾರೆ. ಮೂರನೆಯವರು, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎನ್ನುತ್ತಾರೆ. ಈ ಮೂರೂ ಏಕೆ ಸಲ್ಲವೆಂಬುದಕ್ಕೆ ಕಾರಣಗಳಿವೆ. ಕಾರಣವನ್ನರಿಯದೆ ಕಲಿತ ನಿಯಮವು ಕಳವಳದ ಗಳಿಗೆಯಲ್ಲಿ ನೆನಪಿಗೆ ಬಾರದು.

ಮೊದಲು ಪ್ರಶ್ನೆಗಳನ್ನು ನೋಡೋಣ. ಸೆಸಿ ಮತ್ತು ಲೈಕ್ಟ್‌ಮನ್ ಎಂಬ ಮನೋವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸ್ಯಾಮ್ ಸ್ಟೋನ್ ಎಂಬ ಹೆಸರಿನ ಅಪರಿಚಿತನೊಬ್ಬನು ಶಿಶುವಿಹಾರಕ್ಕೆ ಬಂದು, ಎರಡು ನಿಮಿಷವಿದ್ದು, ಯಾವುದನ್ನೂ ಕೆಡಿಸದೆ ಹೊರಟುಹೋದನು. ಕೆಲವು ಮಕ್ಕಳಿಗೆ, ಆತ ಬರುವ ಮೊದಲೇ, ಸ್ಯಾಮ್ ಬಲು ಎಡವಟ್ಟಿನ ಮನುಷ್ಯನೆಂಬ ಕಥೆಗಳನ್ನು ಹೇಳಲಾಗಿತ್ತು. ಬಂದುಹೋದ ಮೇಲೆ, ಪುಸ್ತಕ ಹರಿದಾಗ ಆತ ಸಿಟ್ಟಿನಲ್ಲಿದ್ದನೇ ಎಂಬಂಥ ಪ್ರಶ್ನೆಗಳನ್ನು ಹಲವು ವಾರಗಳ ಅವಧಿಯಲ್ಲಿ ಮತ್ತೆ ಮತ್ತೆ ಕೇಳಲಾಯಿತು. ಕಡೆಗೆ ಹೊಸ ವ್ಯಕ್ತಿಯೊಬ್ಬರು ವಿಚಾರಿಸಿದಾಗ, ಈ ಗುಂಪಿನ ಮೂರು ನಾಲ್ಕು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ, ನಡೆಯದೇ ಇದ್ದುದನ್ನು ನಡೆಯಿತೆಂದರು. ಕಥೆಯನ್ನೂ ಹೇಳದೆ, ಸೂಚಕ ಪ್ರಶ್ನೆಗಳನ್ನೂ ಕೇಳದೆ ಬಿಟ್ಟ ಮಕ್ಕಳಲ್ಲಾದರೋ ಅಂಥ ತಪ್ಪು ಬಹಳ ವಿರಳವಾಗಿತ್ತು.

ಈ ಪ್ರಯೋಗದ ಅರ್ಥವನ್ನು ತಿರುಚಿ, ಮಕ್ಕಳ ಮಾತನ್ನು ನಂಬಬಾರದೆಂದು ವಾದಿಸುವವರಿದ್ದಾರೆ. ಪ್ರಯೋಗ ಹೇಳುವುದು ಅದಕ್ಕೆ ತದ್ವಿರುದ್ಧವಾದುದನ್ನು. ತನ್ನಷ್ಟಕ್ಕೆ ಹೇಳಲು ಬಿಟ್ಟ ಮಗು ಹೆಚ್ಚಾಗಿ ಸರಿಯಾದುದನ್ನೇ ಹೇಳುತ್ತದೆ. ಕಲಬೆರಕೆಯಾಗುವುದು ದೊಡ್ಡವರ ಪ್ರಶ್ನೆಯಿಂದ. ನಮ್ಮ ಹುಡುಗಿ ಏಳನೆಯ ತರಗತಿಯವಳಾದುದರಿಂದ ಮೂರು ವಯಸ್ಸಿನ ಮಗುವಿನಷ್ಟು ಸುಲಭವಾಗಿ ಪ್ರಶ್ನೆಗೆ ಬಾಗಲಾರಳು, ನಿಜ. ಆದರೆ ಶಿಕ್ಷಕಿಯ ಬಾಯಿಂದ ಬಂದ ಒಂದು ಪದ ಹುಡುಗಿಯ ಹೇಳಿಕೆಯೊಳಗೆ ಸೇರಿಬಿಟ್ಟರೆ, ಮುಂದೆ ನ್ಯಾಯಾಲಯದಲ್ಲಿ ಆ ಪದ ಯಾರದೆಂದು ಬೇರ್ಪಡಿಸುವುದು ದುಸ್ತರವಾಗುತ್ತದೆ. ಪ್ರತಿವಾದಿಯ ವಕೀಲರಿಗೆ ಆ ಒಂದು ಪದವೇ ಸಾಕು. ಅಕ್ಕರೆಯಿಂದ ಕೇಳಿದ ಹತ್ತು ಪ್ರಶ್ನೆಗಳು ಮಗುವಿನ ಸತ್ಯವನ್ನೇ ದುರ್ಬಲಗೊಳಿಸಬಲ್ಲವು. ಆದಕಾರಣ ಶಿಕ್ಷಕಿಗೆ ಬೇಕಾದುದು "ಹೇಳು", "ಆಮೇಲೆ?" ಎಂಬಂಥ ತೆರೆದ ಮಾತು ಒಂದೆರಡು ಮಾತ್ರ, ಮಗು ಅಪಾಯದಲ್ಲಿದೆಯೆಂದು ತಿಳಿಯುವಷ್ಟು ಗೊತ್ತಾದೊಡನೆ ಅದೂ ನಿಲ್ಲಬೇಕು. ವಿವರಗಳನ್ನು ಕೇಳುವುದಕ್ಕೆ ತರಬೇತಿ ಪಡೆದವರು ಬೇರೆ ಇದ್ದಾರೆ.

ಇಷ್ಟು ದಿನ ಏಕೆ ಹೇಳಲಿಲ್ಲವೆಂಬ ಪ್ರಶ್ನೆಗೆ ರೋಲಂಡ್ ಸಮಿಟ್ ಎಂಬ ಮನೋವೈದ್ಯನ 1983ರ ಲೇಖನವೊಂದು ಬೆಳಕು ಚೆಲ್ಲಿತು. ಗುಟ್ಟು, ಅಸಹಾಯಕತೆ, ಹೊಂದಿಕೊಂಡು ಬದುಕುವುದು, ತಡವಾಗಿ ಅರೆಬರೆಯಾಗಿ ಹೇಳುವುದು, ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು, ಇವು ಇಂಥ ಮಕ್ಕಳಲ್ಲಿ ತಾನು ಕಂಡ ಹಾದಿಯೆಂದು ಆತ ವಿವರಿಸಿದನು. ಇದನ್ನು ರೋಗಪರೀಕ್ಷೆಯ ಸಾಧನವೆಂದು ಬಳಸಲಾಗದು. ಮಗು ತಡವಾಗಿ ಹೇಳಿತೆಂಬುದರಿಂದ ಶೋಷಣೆ ನಡೆದಿದೆಯೆಂದು ಸಿದ್ಧವಾಗದು. ಆದರೆ ತಡವಾಗಿ ಹೇಳಿತೆಂಬುದರಿಂದ ಅದು ಸುಳ್ಳೆಂದೂ ಸಿದ್ಧವಾಗದೆಂಬ ತಿಳಿವಳಿಕೆಯಷ್ಟೇ ಶಿಕ್ಷಕನಿಗೆ ಸಾಕು. ಸೋಮವಾರ ಇದೇ ಹುಡುಗಿ ಬಂದು, "ಸುಮ್ನೆ ಹೇಳ್ದೆ ಮಿಸ್, ಬಿಟ್ಬಿಡಿ" ಎಂದರೆ, ಆ ಮಾತನ್ನೂ ದಿನಾಂಕದೊಡನೆ ಬರೆದಿಡಬೇಕೇ ಹೊರತು, ಶನಿವಾರದ ಮಾತನ್ನು ಅಳಿಸಬಾರದು.

ಇನ್ನು ಆಣೆಯ ಮಾತು. ಪಾಲಿಸಲಾಗದ ಆಣೆಯನ್ನು ಮಾಡಿ ಮುರಿದರೆ, ದೊಡ್ಡವರಿಂದ ಒಮ್ಮೆ ವಂಚಿತವಾದ ಮಗು ಮತ್ತೊಮ್ಮೆ ವಂಚಿತವಾಗುತ್ತದೆ. ಆದುದರಿಂದ ನಮ್ಮ ಶಿಕ್ಷಕಿ ಹೀಗೆನ್ನುತ್ತಾಳೆ: "ಆಣೆ ಮಾಡೋಕೆ ಆಗಲ್ಲ ಪುಟ್ಟಿ. ನಿನ್ನ ಕಾಪಾಡಬೇಕಾದ್ರೆ ಅದೇ ಕೆಲಸದಲ್ಲಿರೋರಿಗೆ ಹೇಳಲೇಬೇಕು. ಕ್ಲಾಸಲ್ಲಿ ಯಾರಿಗೂ ಗೊತ್ತಾಗಲ್ಲ. ನೀನು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ." ಈ ಸಣ್ಣ ಮಾತುಗಳನ್ನು ಶಿಬಿರದಲ್ಲಿ ಇಬ್ಬಿಬ್ಬರಾಗಿ ಕುಳಿತು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು.

ಮಗುವನ್ನು ಒಂಟಿಯಾಗಿ ಬಿಡದೆ, ಆಕೆಗೆ ಒಗ್ಗುವ ಇನ್ನೊಬ್ಬ ಶಿಕ್ಷಕಿಯ ಬಳಿ ಕೂರಿಸಿ, ಕೂಡಲೇ ಒಂದು ಹಾಳೆಯಲ್ಲಿ ಬರೆಯಬೇಕು: ದಿನ, ವೇಳೆ, ಸ್ಥಳ; ಶಿಕ್ಷಕಿ ಕೇಳಿದ ಮಾತು; ಮಗು ಹೇಳಿದ ಮಾತು. "ಮುಟ್ಟಬಾರದ ಕಡೆ ಮುಟ್ತಾರೆ" ಎಂದು ಮಗು ಹೇಳಿದ್ದರೆ ಹಾಗೆಯೇ ಬರೆಯಬೇಕು, "ಲೈಂಗಿಕ ದೌರ್ಜನ್ಯವೆಸಗಿದ್ದಾನೆಂದು ತಿಳಿಸಿದಳು" ಎಂದು ತಿದ್ದಿ ಬರೆಯಬಾರದು. ಕಂಡದ್ದನ್ನೂ ಕೇಳಿದ್ದನ್ನೂ ಒಂದೆಡೆಯಲ್ಲಿ, ತನಗನ್ನಿಸಿದ್ದನ್ನು ಬೇರೊಂದೆಡೆಯಲ್ಲಿ ಬರೆದು, ರುಜು ಹಾಕಬೇಕು.

ಮೂರನೆಯ ಗಂಟೆ: ತಿಳಿಸುವುದು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ 2012ರ ಕಾಯ್ದೆ, ಎಂದರೆ ಎಲ್ಲರೂ ಪೋಕ್ಸೊ ಎಂದು ಕರೆಯುವ ಶಾಸನವು, 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಅದರ 19ನೆಯ ಕಲಮಿನ ಪ್ರಕಾರ, ಇಂಥ ಅಪರಾಧ ನಡೆದಿದೆಯೆಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವುಳ್ಳ ಯಾವ ವ್ಯಕ್ತಿಯೇ ಆಗಲಿ, ಅದನ್ನು ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸತಕ್ಕದ್ದು. ಈ ವಾಕ್ಯದಲ್ಲಿ ಸಭೆಯ ಗಮನವನ್ನು ಎರಡು ಅಂಶಗಳ ಮೇಲೆ ನಿಲ್ಲಿಸಬೇಕು. ಕರ್ತವ್ಯವು "ಯಾವ ವ್ಯಕ್ತಿಯೇ ಆಗಲಿ" ಅವನದು. ಮುಖ್ಯೋಪಾಧ್ಯಾಯರಿಗೆ ಹೇಳಿಬಿಟ್ಟೆನೆಂಬಲ್ಲಿಗೆ ಶಿಕ್ಷಕಿಯ ಹೊಣೆ ತೀರದು. ಎರಡನೆಯದಾಗಿ, ಪುರಾವೆ ಒದಗಿಸುವ ಭಾರವನ್ನು ಕಾಯ್ದೆ ತಿಳಿಸುವವರ ಮೇಲೆ ಹೊರಿಸಿಲ್ಲ. ತಿಳಿಸದಿದ್ದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ, ತನ್ನ ಕೈಕೆಳಗಿನವನು ಎಸಗಿದ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ, ಮುಂದೆ ಆರೋಪ ಸಿದ್ಧವಾಗದಿದ್ದರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯನ್ನು ಹೊರಿಸುವಂತಿಲ್ಲ.

ನಮ್ಮ ಪ್ರಸಂಗದಲ್ಲಿ ಶಿಕ್ಷಕಿ ಹಾಳೆಯೊಡನೆ ಮುಖ್ಯೋಪಾಧ್ಯಾಯರ ಬಳಿಗೆ ಹೋಗುತ್ತಾಳೆ. ಇಬ್ಬರೂ ಕೂಡಿ, ಬಾಗಿಲು ಮುಚ್ಚಿಕೊಂಡು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತಾರೆ. ಹಗಲಿರುಳೂ ನಡೆಯುವ, ಹಣ ತೆರಬೇಕಿಲ್ಲದ ಕರೆ ಅದು. ಅಲ್ಲಿನವರ ನೆರವು ಪಡೆದು ಠಾಣೆಗೂ ತಿಳಿಸುತ್ತಾರೆ. ಗಳಿಗೆಯೂ ತಡೆಯಲಾಗದ ಅಪಾಯವಿದ್ದಲ್ಲಿ 112ಕ್ಕೆ ಕರೆ ಮಾಡುವುದು. ಸಹಾಯವಾಣಿಗೆ ಹೇಳಿದೆವೆಂದು ಠಾಣೆಗೆ ತಿಳಿಸುವುದನ್ನು ಬಿಡಬಾರದು. ಏಕೆಂದರೆ ಕಾಯ್ದೆ ಹೆಸರಿಸಿರುವುದು ಪೊಲೀಸರನ್ನು. ಠಾಣೆಯಲ್ಲಿ ಮಾಹಿತಿಯನ್ನು ಲಿಖಿತವಾಗಿ ದಾಖಲಿಸಿ, ಸಂಖ್ಯೆ ಕೊಟ್ಟು, ತಿಳಿಸಿದವರಿಗೆ ಓದಿ ಹೇಳಬೇಕು. ಆ ಸಂಖ್ಯೆಯನ್ನು ಶಿಕ್ಷಕಿ ತನ್ನ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾಳೆ.

ಪೊಲೀಸರೆಂದರೆ ಮಗುವನ್ನು ಠಾಣೆಯ ಮೆಟ್ಟಿಲು ಹತ್ತಿಸುತ್ತಾರೆಂಬ ಭಯದಿಂದಲೇ ಎಷ್ಟೋ ಶಿಕ್ಷಕರು ಹಿಂಜರಿಯುವರು. ಕಾಯ್ದೆ ಹೇಳುವುದು ಬೇರೆ. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಹುಡುಗಿಯ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರು, ಮಗು ನಂಬುವ ಒಬ್ಬರ ಎದುರಿನಲ್ಲಿ ನಡೆಸಬೇಕು. 24 ಗಂಟೆಗಳೊಳಗೆ ಪೊಲೀಸರು ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಆರೋಪಿಯು ಮಗುವಿನ ಮನೆಯಲ್ಲಿಯೇ ಇರುವ ಇಂಥ ಪ್ರಕರಣಗಳಲ್ಲಿ, ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ ಈ ಸಮಿತಿಯು, ಮಗು ಎಲ್ಲಿರುವುದು ಕ್ಷೇಮವೆಂಬುದನ್ನು ಮೂರು ದಿನಗಳೊಳಗೆ ತೀರ್ಮಾನಿಸಬೇಕು. ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಯೊಬ್ಬರನ್ನೂ ಅದು ನೇಮಿಸಬಹುದು. ಗಾಯವಿದ್ದರೆ, ಅಥವಾ ಘಟನೆ ತೀರ ಈಚಿನದಾಗಿದ್ದರೆ, ಮೊದಲು ಆಸ್ಪತ್ರೆ. ಕಾಗದಪತ್ರ ಬೇಕೆಂದು ಯಾವ ಆಸ್ಪತ್ರೆಯೂ ಚಿಕಿತ್ಸೆಯನ್ನು ತಡೆಯುವಂತಿಲ್ಲ.

ತಾಯಿಗೆ ಹೇಳುವುದು ಯಾವಾಗ? ತಾಯಿಯ ಹಕ್ಕನ್ನು ಯಾರೂ ಅಲ್ಲಗಳೆಯರು. ಆದರೆ ಶಿಕ್ಷಕಿಯು ಅವಸರದಿಂದ ಮನೆಯ ನಂಬರಿಗೆ ಕರೆ ಮಾಡಿದರೆ ಫೋನನ್ನು ಎತ್ತುವವನು ಆರೋಪಿಯೇ ಆಗಿರಬಹುದು. ಅವನಿಗೆ ಸುಳಿವು ಸಿಕ್ಕ ಮನೆಗೆ ಮಗು ಆ ಮಧ್ಯಾಹ್ನವೇ ಮರಳಬೇಕಾಗಬಹುದು. ಆದುದರಿಂದ ತಾಯಿಗೆ ಯಾರು, ಎಲ್ಲಿ, ಯಾವಾಗ ಹೇಳಬೇಕೆಂಬುದನ್ನು ಸಹಾಯವಾಣಿಯವರೊಡನೆ ಸಮಾಲೋಚಿಸಿಯೇ ನಿರ್ಧರಿಸತಕ್ಕದ್ದು. ಅಲ್ಲಿಯವರೆಗೆ ಮಗು ಶಾಲೆಯಲ್ಲಿ, ಶಿಕ್ಷಕಿಯ ಕಣ್ಣೆದುರಿನಲ್ಲಿ ಇರಬೇಕು.

ಕೆಲಸ ಕೆಡುವುದು ಹೇಗೆಂಬುದನ್ನೂ ಸಭೆಗೆ ಬಿಡಿಸಿ ಹೇಳಬೇಕು. ಮಗುವನ್ನು ಒಬ್ಬರಾದ ಮೇಲೊಬ್ಬರು ಕರೆದು ಅದೇ ಕಥೆಯನ್ನು ಮತ್ತೆ ಹೇಳಿಸುವುದು ಒಂದು. ಊರ ಹಿರಿಯರನ್ನು ಕೂಡಿಸಿ ರಾಜಿ ಪಂಚಾಯಿತಿ ಮಾಡುವುದು ಇನ್ನೊಂದು. ಈ ಅಪರಾಧದಲ್ಲಿ ರಾಜಿಗೆ ಎಡೆಯಿಲ್ಲ. ಆರೋಪಿಯು ಶಾಲೆಯ ಸಿಬ್ಬಂದಿಯೇ ಆಗಿದ್ದಾಗ, ಒಳಗೊಳಗೇ ವಿಚಾರಣೆ ನಡೆಸಿ ಅವನನ್ನು ಬೇರೆ ಊರಿಗೆ ವರ್ಗ ಮಾಡಿಸುವುದು ಎಲ್ಲಕ್ಕಿಂತ ಹಾನಿಕರ; ಹೊಸ ಊರಿನಲ್ಲಿಯೂ ಮಕ್ಕಳಿದ್ದಾರೆ. ಮಹಾರಾಷ್ಟ್ರದ ಶಾಲಾ ವಸತಿನಿಲಯವೊಂದರ ಬಾಲಕಿಯರಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ನವೆಂಬರಿನಲ್ಲಿ, ತಿಳಿದೂ ತಿಳಿಸದಿರುವುದು ಗಂಭೀರವಾದ ಅಪರಾಧವೆಂದು ಹೇಳಿ, ಅಪರಾಧಿಗಳನ್ನು ರಕ್ಷಿಸುವ ಪ್ರಯತ್ನವಾಗಿ ಅದು ಪರಿಣಮಿಸುವುದೆಂದು ಎಚ್ಚರಿಸಿತು. ಮಗುವಿನ ಹೆಸರು, ತರಗತಿ, ಮನೆಯ ಗುರುತು ಇವು ಶಿಕ್ಷಕರ ವಾಟ್ಸಾಪ್ ಗುಂಪಿಗಾಗಲಿ, ಸಿಬ್ಬಂದಿಯ ಕೊಠಡಿಯ ಹರಟೆಗಾಗಲಿ ಬೀಳಲೇಕೂಡದು.

ಮಗು ಏನನ್ನೂ ಹೇಳದೆ, ಶನಿವಾರದ ಗುರುತೊಂದೇ ಕಂಡಿದ್ದರೆ? ಆಗಲೂ ದಾರಿಯುಂಟು. ಹಾಳೆಯಲ್ಲಿ ಕಂಡದ್ದನ್ನು ವಾರವಾರವೂ ಬರೆಯುತ್ತ, 1098ಕ್ಕೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳವಳವನ್ನು ತಿಳಿಸಿ ಸಲಹೆ ಕೇಳಬಹುದು. ಬೆಲ್ಟಿನ ಬಾಸುಂಡೆ ಕಂಡಾಗ, ಊಟವಿಲ್ಲದೆ ಕೂಡಿಹಾಕಿದ್ದಾರೆಂದು ತಿಳಿದಾಗ, ಪೋಕ್ಸೊ ಅನ್ವಯಿಸದಿದ್ದರೂ 2015ರ ಬಾಲನ್ಯಾಯ ಕಾಯ್ದೆ ಮಗುವಿನ ಮೇಲಣ ಕ್ರೌರ್ಯವನ್ನು ಅಪರಾಧವೆಂದು ಎಣಿಸುತ್ತದೆ. ಆ ದೂರೂ ಸಹಾಯವಾಣಿ, ಮಕ್ಕಳ ಕಲ್ಯಾಣ ಸಮಿತಿ, ಪೊಲೀಸರ ದಾರಿಯಲ್ಲಿಯೇ ಸಾಗುತ್ತದೆ.

ಕಡೆಯ ಹತ್ತು ನಿಮಿಷಗಳಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಒಂದು ಖಾಲಿ ಹಾಳೆಯನ್ನು ತೆಗೆದುಕೊಂಡು, ಆ ಹುಡುಗಿಯ ಮಾತುಗಳನ್ನು ನೆನಪಿನಿಂದ ಬರೆಯಲಿ. ತರುವಾಯ ಪ್ರಸಂಗದ ಮೂಲದೊಡನೆ ಹೋಲಿಸಿ ನೋಡಲಿ. "ಮಾವ ಇರ್ತಾರೆ" ಎಂಬುದು ಎಷ್ಟೋ ಹಾಳೆಗಳಲ್ಲಿ "ಮಾವನಿಂದ ತೊಂದರೆಯಿದೆ" ಎಂದಾಗಿರುತ್ತದೆ. ಎರಡನೆಯ ಗಂಟೆಯಲ್ಲಿ ಕೇಳಿದ ಐದು ವಾಕ್ಯಗಳು ಇಷ್ಟು ಬೇಗ ನಮ್ಮ ಕೈಯಲ್ಲಿ ಬದಲಾಗುವುದನ್ನು ಕಣ್ಣಾರೆ ಕಂಡವರಿಗೆ, ಕೂಡಲೇ ಬರೆಯಬೇಕೆಂಬುದನ್ನೂ ಮಗುವಿನ ಮಾತಿನಲ್ಲಿಯೇ ಬರೆಯಬೇಕೆಂಬುದನ್ನೂ ಬೇರೆ ಬೋಧಿಸಬೇಕಾಗಿಲ್ಲ. ತಪ್ಪಿತಸ್ಥ ಯಾರೆಂದು ತೀರ್ಮಾನಿಸುವ ಭಾರ ಶಿಕ್ಷಕಿಯದಲ್ಲ. ಆ ಐದು ವಾಕ್ಯಗಳು ಒಂದಕ್ಷರವೂ ಕೆಡದಂತೆ, ಆ ದಿನವೇ, ತಲುಪಬೇಕಾದವರಿಗೆ ತಲುಪುವಂತೆ ಮಾಡುವುದು ಆಕೆಯದು.